ಮದುವೆ ಚಿತ್ರದ ಕೆಳಗಿನ ಎರಡು ಸಾಲು

ಮದುವೆಯ ಫೋಟೋ ತೆಗೆಯುವವರು ತಮ್ಮ ಕೆಲಸವನ್ನು ಹೊಸ ಗಿರಾಕಿಗಳಿಗೆ ತೋರಿಸಲೇಬೇಕು. ಹಿಂದೆ ಸ್ಟುಡಿಯೋದ ಗಾಜಿನ ಹಿಂದೆ ಮೂರ್ನಾಲ್ಕು ದೊಡ್ಡ ಚಿತ್ರಗಳು ತೂಗುತ್ತಿದ್ದವು. ಅವನ್ನು ನೋಡುತ್ತಿದ್ದವರು ಆ ಬೀದಿಯಲ್ಲಿ ಓಡಾಡುವವರು ಮಾತ್ರ. ಈಗ ಅಂಥ ಚಿತ್ರಗಳು ಇನ್‌ಸ್ಟಾಗ್ರಾಂಗೋ ಸ್ಟುಡಿಯೋದ ಜಾಲತಾಣಕ್ಕೋ ಹೋಗುತ್ತವೆ, ಕೆಳಗೊಂದು ಅಡಿಬರಹವೂ ಇರುತ್ತದೆ. ಚಿತ್ರದಲ್ಲಿ ಕಾಣುವುದು ಒಂದು ಮುಖ. ಆ ಮುಖ ಯಾರದು, ಯಾವ ಊರಿನದು, ಯಾವ ಮನೆಯದು ಎಂದು ಅಪರಿಚಿತರಿಗೆ ತಿಳಿಸಿಕೊಡುವುದು ಅಡಿಬರಹ. ಹಾಗಾಗಿ ಮದುವೆ ಮನೆಯವರ ಖಾಸಗಿತನ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಆ ಎರಡು ಸಾಲಿನಲ್ಲೇ.

ಸಾಮಾನ್ಯವಾಗಿ ಕಾಣುವ ಒಂದು ಅಡಿಬರಹವನ್ನು ತೆಗೆದುಕೊಳ್ಳೋಣ. ಚಿತ್ರದಲ್ಲಿ ಅಂತರಪಟ ಸರಿದಿದೆ, ವಧುವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುತ್ತಿದ್ದಾರೆ. ಕೆಳಗೆ ಇಬ್ಬರ ಪೂರ್ಣ ಹೆಸರು, ಇಬ್ಬರ ಖಾತೆಗಳ ಟ್ಯಾಗ್, ಮದುವೆಯ ತಾರೀಕು, ಕಲ್ಯಾಣ ಮಂಟಪದ ಹೆಸರು, ವರ ಕೆಲಸ ಮಾಡುವ ಕಂಪನಿ. ಕೊನೆಗೆ, ‘ತಂದೆಯಿಲ್ಲದ ತಂಗಿಯನ್ನು ಅಣ್ಣ-ಅತ್ತಿಗೆ ಧಾರೆ ಎರೆದುಕೊಟ್ಟ ಭಾವುಕ ಕ್ಷಣ’ ಎಂಬ ಸಾಲು.

ಇದರಲ್ಲಿ ಒಂದೊಂದು ವಿವರವೂ ಬಿಡಿಯಾಗಿ ನೋಡಿದರೆ ಸಾಧುವೇ. ಲಗ್ನಪತ್ರಿಕೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಇದ್ದೇ ಇರುತ್ತವೆ. ಆದರೆ ಲಗ್ನಪತ್ರಿಕೆ ಹೋಗುವುದು ಆ ಮನೆಯವರು ಆರಿಸಿದವರಿಗೆ. ಅಡಿಬರಹವನ್ನು ಯಾರು ಬೇಕಾದರೂ ಓದುತ್ತಾರೆ, ಎಷ್ಟು ವರ್ಷದ ನಂತರ ಬೇಕಾದರೂ ಹುಡುಕಿ ತೆಗೆಯುತ್ತಾರೆ. ಹೆಸರು, ಮುಖ, ಕಂಪನಿ, ಊರು ಒಂದೇ ಕಡೆ ಸೇರಿದರೆ ಆ ದಂಪತಿಯನ್ನು ಪತ್ತೆಹಚ್ಚಲು ಬೇರೇನೂ ಬೇಕಿಲ್ಲ. ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾದ ಜೋಡಿಗೆ ಇದು ಪ್ರಾಣಕ್ಕೇ ಕುತ್ತಾಗಬಹುದು. ತಂದೆಯಿಲ್ಲ ಎಂಬ ಸಾಲಂತೂ ಆ ಮನೆಯ ದುಃಖ. ಅದನ್ನು ಹೇಳುವುದೋ ಬಿಡುವುದೋ ಆ ಮಗಳಿಗೆ ಸೇರಿದ ತೀರ್ಮಾನ. ಮೆಚ್ಚುಗೆ ಗಳಿಸಲು ಅದನ್ನು ಬಳಸುವ ಹಕ್ಕು ಕ್ಯಾಮೆರಾ ಹಿಡಿದವರಿಗಿಲ್ಲ.

ಈಗ ಅದೇ ಚಿತ್ರಕ್ಕೆ ಬೇರೊಂದು ಅಡಿಬರಹ: ‘ಅಂತರಪಟ ಸರಿದ ಗಳಿಗೆ. ವೇದಿಕೆಯ ಅಂಚಿನಲ್ಲಿ ವಾದ್ಯದವರ ಪಕ್ಕ ಕೂತು ತೆಗೆದದ್ದು. ಎಡಗಡೆಯ ಕಿಟಕಿಯ ಬೆಳಕು, ಫ್ಲ್ಯಾಶ್ ಇಲ್ಲ. ಸೆಕೆಂಡಿನ 1/500 ಭಾಗ, ಐಎಸ್‌ಒ 3200. ಬೆಂಗಳೂರಿನ ಒಂದು ಮುಂಜಾನೆ ಮುಹೂರ್ತ. ವಧುವರರ ಒಪ್ಪಿಗೆಯಿಂದ ಪ್ರಕಟ.’

ಮಗಳ ಮದುವೆಗೆ ಫೋಟೋದವರನ್ನು ಹುಡುಕುತ್ತಿರುವ ತಾಯಿಗೆ ಬೇಕಾದ ಮಾಹಿತಿ ಇದು. ಅಂತರಪಟ ಸರಿಯುತ್ತಲೇ ನೆಂಟರೆಲ್ಲ ಅಕ್ಷತೆ ಹಿಡಿದು ವೇದಿಕೆಗೆ ಮುಗಿಬೀಳುತ್ತಾರೆ. ಮೊದಲೇ ಜಾಗ ಹಿಡಿದು ಕೂತವರಿಗೆ ಮಾತ್ರ ಆ ಚಿತ್ರ ಸಿಗುತ್ತದೆ. ಹಾರುವ ಅಕ್ಕಿಕಾಳು ಮಸುಕಾಗದೆ ನಿಲ್ಲಬೇಕಾದರೆ ಶಟರ್ ವೇಗ ಹೆಚ್ಚಿರಬೇಕು. ಮಂಟಪದೊಳಗಿನ ಮಂದ ಬೆಳಕಿನಲ್ಲಿ ಅಷ್ಟು ವೇಗ ಬೇಕೆಂದರೆ ಐಎಸ್‌ಒ ಏರಿಸಲೇಬೇಕು. ತಿಳಿದವರು ಈ ಸಾಲುಗಳಲ್ಲಿ ಕಸುಬನ್ನು ಅಳೆಯುತ್ತಾರೆ, ತಿಳಿಯದವರು ಚಿತ್ರವನ್ನು ಇನ್ನೊಮ್ಮೆ ನೋಡುತ್ತಾರೆ. ಮದುಮಗಳ ಹೆಸರು ಗೊತ್ತಾಗಿ ಇವರಿಬ್ಬರಿಗೂ ಆಗಬೇಕಾದ್ದೇನಿಲ್ಲ.

ಸ್ಥಳ ಹೇಳುವುದರಲ್ಲೂ ವಿವೇಚನೆ ಬೇಕು. ‘ಬೆಂಗಳೂರು’ ಎಂದರೆ ಯಾರ ಗುರುತೂ ಸಿಗದು. ಸಣ್ಣ ಊರಾದರೆ ಊರಿನ ಹೆಸರೇ ಸಾಕು, ಆ ವಾರ ಅಲ್ಲಿ ಯಾರ ಮನೆ ಮದುವೆ ನಡೆಯಿತೆಂದು ಎಲ್ಲರಿಗೂ ಗೊತ್ತಿರುತ್ತದೆ. ಅಂಥ ಕಡೆ ‘ಮಲೆನಾಡಿನ ಒಂದು ಮದುವೆ’ ಎಂದು ನಿಲ್ಲಿಸುವುದು ಲೇಸು.

ಬರೆಯದೆಯೂ ಹೊರಬೀಳುವುದು

ಅಡಿಬರಹ ಮೌನವಾಗಿದ್ದರೂ ಚಿತ್ರ ಬಾಯಿ ಬಿಡಬಹುದು. ಚಪ್ಪರದ ಮುಂದಿನ ಹೂವಿನ ಫಲಕದಲ್ಲಿ ವಧುವರರ ಹೆಸರಿರುತ್ತದೆ, ಅಲಂಕರಿಸಿದ ಕಾರಿಗೆ ನಂಬರ್ ಪ್ಲೇಟ್ ಇರುತ್ತದೆ, ಮನೆ ತುಂಬಿಸುವ ಚಿತ್ರದಲ್ಲಿ ಬಾಗಿಲ ಪಕ್ಕದ ಮನೆ ಸಂಖ್ಯೆ ಕಾಣುತ್ತದೆ. ಚಿತ್ರ ಹಾಕುವ ಮುನ್ನ ಅಂಚುಗಳನ್ನು ದೊಡ್ಡದು ಮಾಡಿ ನೋಡಿದರೆ ಇವು ಸಿಕ್ಕಿಬೀಳುತ್ತವೆ.

ಕಡತದ ಹೆಸರನ್ನೂ ನೋಡಬೇಕು. ಇಬ್ಬರ ಹೆಸರು, ತಾರೀಕು ಸೇರಿಸಿ ಕಡತ ಉಳಿಸುವುದು ಸ್ಟುಡಿಯೋಗಳ ವಾಡಿಕೆ. ಅದನ್ನೇ ಜಾಲತಾಣಕ್ಕೆ ಏರಿಸಿದರೆ ಹುಡುಕಾಟದಲ್ಲಿ ಆ ಹೆಸರು ಸಿಕ್ಕಿಬಿಡಬಹುದು. ಫೋನಿನಲ್ಲಿ ತೆಗೆದ ಚಿತ್ರವಾದರೆ ಅದರೊಳಗೆ ಸ್ಥಳದ ಜಿಪಿಎಸ್ ಗುರುತೂ ಅಡಗಿರಬಹುದು. ಲೈಟ್‌ರೂಂ ಕ್ಲಾಸಿಕ್ ಬಳಸುವವರು ಚಿತ್ರ ಹೊರತೆಗೆಯುವಾಗ Remove Person Info, Remove Location Info ಎಂಬ ಎರಡನ್ನೂ ಆರಿಸಿದರೆ ಈ ಗುರುತುಗಳು ಅಳಿಯುತ್ತವೆ.

ಹೊತ್ತಿನ ವಿಚಾರವೂ ಇದೆ. ಮದುವೆ ನಡೆಯುತ್ತಿರುವಾಗಲೇ ಚಿತ್ರ ಹಾಕಿದರೆ ಮನೆಮಂದಿಯೆಲ್ಲ ಮಂಟಪದಲ್ಲಿದ್ದಾರೆ, ಮನೆಗೆ ಬೀಗ ಬಿದ್ದಿದೆ ಎಂದು ಸಾರಿದಂತೆ. ಆಲ್ಬಂ ಕೊಟ್ಟ ಮೇಲೆ ಹಾಕಿದರೆ ಕೆಲಸದ ಬೆಲೆಯೇನೂ ಕಡಿಮೆಯಾಗುವುದಿಲ್ಲ.

ಒಪ್ಪಿಗೆ ಯಾರದು, ಯಾವಾಗ?

ಚಿತ್ರ ತೆಗೆದವರೇ ಅದರ ಒಡೆಯರು ಎಂಬ ನಂಬಿಕೆ ಫೋಟೋಗ್ರಾಫರುಗಳಲ್ಲೂ ಗಿರಾಕಿಗಳಲ್ಲೂ ಇದೆ. ಕಾನೂನು ಬೇರೆ ಹೇಳುತ್ತದೆ. ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ನಮ್ಮಲ್ಲಿ ಎಷ್ಟೋ ಮದುವೆಗಳಲ್ಲಿ ಫೋಟೋದವರನ್ನು ಗೊತ್ತುಮಾಡಿ ಹಣ ಕೊಡುವವರು ಹೆಣ್ಣಿನ ತಂದೆ. ಹಾಗೆಂದು ಅವರ ಸಹಿಯೊಂದೇ ಸಾಲದು. ಮುಖ ಮಗಳದು, ಅಳಿಯನದು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದ್ದರಿಂದ ಹಣ ಕೊಟ್ಟವರನ್ನೂ ಕೇಳಬೇಕು, ವಧುವನ್ನೂ ವರನನ್ನೂ ಬೇರೆಬೇರೆಯಾಗಿ ಕೇಳಬೇಕು.

ಮುಂಗಡ ಕೊಡುವಾಗ ಹಾಕಿಸಿಕೊಂಡ ಒಂದು ಸಹಿಯನ್ನೇ ಎಲ್ಲಕ್ಕೂ ಒಪ್ಪಿಗೆಯೆಂದು ಹಿಡಿಯುವುದು ತಪ್ಪು. ಆಗ ಇನ್ನೂ ಚಿತ್ರಗಳೇ ಇರುವುದಿಲ್ಲ. ಆಲ್ಬಂ ಮುಗಿದ ಮೇಲೆ, ಹಾಕಬೇಕೆಂದಿರುವ ಹತ್ತು-ಹನ್ನೆರಡು ಚಿತ್ರಗಳನ್ನು ಅವುಗಳ ಅಡಿಬರಹದ ಸಮೇತ ವಧುವರರಿಗೆ ಕಳಿಸಿ, ಯಾವುದು ಇರಲಿ, ಯಾವುದು ಬೇಡ ಎಂದು ಬರಹದಲ್ಲೇ ಉತ್ತರ ಪಡೆಯುವುದು ಸರಿಯಾದ ಕ್ರಮ. ಮೇಕಪ್‌ನವರು, ಅಲಂಕಾರದವರು ಆ ಚಿತ್ರವನ್ನು ತಮ್ಮ ಪುಟದಲ್ಲಿ ಹಾಕಿಕೊಳ್ಳಬಹುದೇ ಎಂಬುದನ್ನೂ ಆಗಲೇ ಕೇಳಬೇಕು. ಇಲ್ಲದಿದ್ದರೆ ಇಲ್ಲಿ ಬಿಟ್ಟ ಹೆಸರು ಅಲ್ಲಿ ಕಾಣಿಸಿಕೊಳ್ಳುತ್ತದೆ. ಮುಂದೆ ಎಂದಾದರೂ ‘ತೆಗೆದುಬಿಡಿ’ ಎಂದರೆ ಕಾರಣ ಕೇಳದೆ ತೆಗೆಯಬೇಕು. ಮದುವೆ ಮುರಿದಿರಬಹುದು, ಸಾವಾಗಿರಬಹುದು. ಆದರೆ ಇತರರು ಆಗಲೇ ಉಳಿಸಿಕೊಂಡ ಪ್ರತಿಗಳನ್ನು ಯಾರೂ ವಾಪಸು ತರಲಾರರು. ಮೊದಲೇ ಕೇಳಬೇಕೆನ್ನುವುದು ಅದಕ್ಕೇ.

ನೆಂಟರ ವಿಷಯ ಇನ್ನೂ ಸೂಕ್ಷ್ಮ. ಅವರು ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ, ಹಾಕಿಸುವುದೂ ಆಗದ ಮಾತು. ಪಾಲಿಸಬಹುದಾದ ನಿಯಮ ಇಷ್ಟು: ಗುಂಪಿನಲ್ಲೊಂದು ಮುಖವಾದರೆ ಹೆಸರಿಲ್ಲದೆ ಇರಲಿ, ಅವರೇ ಚಿತ್ರದ ಕೇಂದ್ರವಾದರೆ ಅವರನ್ನೇ ಕೇಳಬೇಕು, ಮಕ್ಕಳಾದರೆ ತಂದೆತಾಯಿಯನ್ನು. ಪಂಕ್ತಿಯಲ್ಲಿ ಊಟ ಮಾಡುತ್ತಿರುವವರ ಬದಲು ಬಾಳೆಲೆಗೆ ಬಡಿಸುವ ಕೈ, ಅಳುವ ಮುಖದ ಬದಲು ಮಗಳ ಕೈ ಬಿಡದ ತಾಯಿಯ ಬೆರಳು ತೋರಿಸಿದರೂ ಕಸುಬುದಾರಿಕೆ ಕಾಣುತ್ತದೆ.

ಮನೆಯಲ್ಲಿ ಮದುವೆ ಇಟ್ಟುಕೊಂಡವರು ಫೋಟೋದವರೊಡನೆ ಆಲ್ಬಂನ ಪುಟಗಳು, ಡ್ರೋನಿನ ಬಾಡಿಗೆ ಎಲ್ಲ ಮಾತಾಡುತ್ತೀರಿ. ಮುಂಗಡ ಕೊಡುವ ಮುನ್ನ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: ‘ವಧು ಮತ್ತು ವರ ಇಬ್ಬರೂ ಚಿತ್ರವನ್ನೂ ಅಡಿಬರಹವನ್ನೂ ನೋಡಿ ಬರಹದಲ್ಲಿ ಒಪ್ಪದ ಹೊರತು ಯಾವ ಚಿತ್ರವನ್ನೂ ಎಲ್ಲಿಯೂ ಪ್ರಕಟಿಸತಕ್ಕದ್ದಲ್ಲ.’ ಕಸುಬಿನ ಮೇಲೆ ನಂಬಿಕೆಯಿರುವ ಫೋಟೋಗ್ರಾಫರು ಇದಕ್ಕೆ ಸಹಿ ಹಾಕುತ್ತಾರೆ. ಹಾಕಲು ಒಪ್ಪದವರಿಗೆ ನಿಮ್ಮ ಮನೆಯ ಮದುವೆಯನ್ನು ಒಪ್ಪಿಸಬೇಡಿ.