ಅಂಕ ಹೋದದ್ದು ಎಲ್ಲಿ, ಯಾಕೆ?

ವಿಟಿಯು ಎಂಜಿನಿಯರಿಂಗ್ ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್. ಒಂದೊಂದರಲ್ಲೂ ಎರಡು ಪ್ರಶ್ನೆ ಕೊಟ್ಟು, ಒಂದನ್ನು ಬರೆಯಲು ಹೇಳುತ್ತಾರೆ. ಆಯ್ದ ಪ್ರಶ್ನೆಗೆ 20 ಅಂಕ. ಇಂಥ ಪರೀಕ್ಷೆಗೆ ಸೆಮಿಸ್ಟರ್ ಉದ್ದಕ್ಕೂ ಲೆಕ್ಕ ಬಿಡಿಸುವ ಕೆಲವು ವಿದ್ಯಾರ್ಥಿಗಳು ನೋಟ್‌ಬುಕ್ಕಿನ ಜೊತೆಗೆ ಒಂದು ಎಕ್ಸೆಲ್ ಶೀಟನ್ನೂ ಇಟ್ಟುಕೊಳ್ಳುತ್ತಾರೆ. ಬಿಡಿಸಿದ ಪ್ರತಿ ಪ್ರಶ್ನೆಗೂ ಅದರಲ್ಲಿ ಒಂದು ಸಾಲು: ದಿನಾಂಕ, ವಿಷಯ, ಒಟ್ಟು ಅಂಕ, ಹೋದ ಅಂಕ, ಹೋದ ಕಾರಣ.

ಕಷ್ಟವಿರುವುದು ಕೊನೆಯ ಕಾಲಂನಲ್ಲಿ. ‘ಸಿಲ್ಲಿ ಮಿಸ್ಟೇಕ್’ ಎಂದು ಬರೆದುಬಿಟ್ಟರೆ ಮನಸ್ಸಿಗೆ ಸಮಾಧಾನವೇನೋ ಆಗುತ್ತದೆ, ಆದರೆ ನಾಳೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಸೂತ್ರ ಮರೆತದ್ದು, ವಿಧಾನ ಹೊಳೆಯದ್ದು, ಕೂಡಿ ಕಳೆಯುವಲ್ಲಿ ತಪ್ಪಿದ್ದು, ಪ್ರಶ್ನೆ ಸರಿಯಾಗಿ ಓದದ್ದು, ಸಮಯ ಸಾಲದ್ದು ಎಂಬ ಐದು ಕಾರಣಗಳನ್ನು ಮೊದಲೇ ಗೊತ್ತುಮಾಡಿ, ಅವುಗಳಲ್ಲೊಂದನ್ನೇ ಆರಿಸಬೇಕು.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಮ್ಯಾಟ್ರಿಕ್ಸ್‌ನಲ್ಲಿ 70 ಅಂಕದ ಪ್ರಶ್ನೆ ಬಿಡಿಸಿದಾಗ 21 ಹೋಗಿದೆ. ಡಿಫರೆನ್ಷಿಯಲ್ ಸಮೀಕರಣಗಳಲ್ಲಿ 28ಕ್ಕೆ 14. ಹೋದ ಅಂಕವನ್ನಷ್ಟೇ ನೋಡಿದರೆ ಮ್ಯಾಟ್ರಿಕ್ಸೇ ಕಷ್ಟ ಅನ್ನಿಸುತ್ತದೆ. ಆದರೆ ಅಲ್ಲಿ ಹೆಚ್ಚು ಬಿಡಿಸಿದ್ದರಿಂದಲೇ ಹೆಚ್ಚು ಹೋಗಿದೆ. ಭಾಗಿಸಿ ನೋಡಬೇಕು:

```
=SUMIFS(D:D,B:B,"ODE")/SUMIFS(C:C,B:B,"ODE")
```

B ವಿಷಯ, C ಒಟ್ಟು ಅಂಕ, D ಹೋದ ಅಂಕ. ಉತ್ತರ 0.5, ಅಂದರೆ ಅರ್ಧಕ್ಕರ್ಧ ನಷ್ಟ. ಮ್ಯಾಟ್ರಿಕ್ಸ್‌ನದು 0.3.

ಇನ್ನು ಕಾರಣ. ಮ್ಯಾಟ್ರಿಕ್ಸ್‌ನ 21ರಲ್ಲಿ 15 ಅಂಕ ಹೋದದ್ದು ಕೂಡಿ ಕಳೆಯುವಲ್ಲಿ ಎಂದುಕೊಳ್ಳಿ. ಅದಕ್ಕೆ ಹೊಸ ಪಾಠ ಬೇಡ. ಪ್ರತಿ ಹಂತದ ಪಕ್ಕದಲ್ಲಿ R2 → R2 − 2R1 ಎಂದು ಬರೆದುಕೊಂಡು ಮುಂದೆ ಹೋದರೆ ಬಹುಪಾಲು ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಸಮೀಕರಣಗಳ 14ರಲ್ಲಿ 10 ಹೋದದ್ದು ವಿಧಾನ ಹೊಳೆಯದೆ: ಎಕ್ಸಾಕ್ಟೋ, ಬರ್ನೂಲಿಯೋ ಎಂದು ಗುರುತಿಸದೆಯೇ ಬಿಡಿಸಲು ಹೊರಟದ್ದು. ಅಂಥವರು ಹಳೆಯ ಪತ್ರಿಕೆಗಳ ಸಮೀಕರಣಗಳನ್ನು ಬಿಡಿಸುವ ಗೋಜಿಗೆ ಹೋಗದೆ, ಯಾವ ಬಗೆಯವೆಂದು ಹೆಸರಿಸುತ್ತಾ ಹೋದರೆ ಸಾಕು.

ಶೀಟ್ ಮೋಸ ಮಾಡುವ ಜಾಗವೂ ಇದೇ. ಬರ್ನೂಲಿ ಪಾಠ ಮುಗಿದ ಸಂಜೆ ಬರ್ನೂಲಿ ಲೆಕ್ಕಗಳನ್ನೇ ಮಾಡುವವರಿಗೆ ವಿಧಾನ ಮೊದಲೇ ಗೊತ್ತಿರುತ್ತದೆ, ಆ ತಪ್ಪು ದಾಖಲಾಗುವುದೇ ಇಲ್ಲ. ಆದ್ದರಿಂದ ‘ಪಾಠದ ಅಭ್ಯಾಸ’ವೋ ‘ಹಳೆಯ ಪತ್ರಿಕೆ’ಯೋ ಎಂದು ತಿಳಿಸುವ ಇನ್ನೊಂದು ಕಾಲಂ ಬೇಕು. ಎರಡರ ಪ್ರಮಾಣವನ್ನು ಬೇರೆಬೇರೆಯಾಗಿ ತೆಗೆದಾಗ ಪತ್ರಿಕೆಯದು ತೀರಾ ಹೆಚ್ಚಿದ್ದರೆ, ಗುರುತಿಸುವುದರಲ್ಲೇ ಎಡವುತ್ತಿರಬಹುದು ಎಂದರ್ಥ.

ಇನ್ನೊಂದು ತೊಡಕು ಸಣ್ಣದು, ಕಾಟ ಮಾತ್ರ ದೊಡ್ಡದು. ಒಂದು ದಿನ ODE, ಮತ್ತೊಂದು ದಿನ Diff Eqn ಎಂದು ಬರೆದರೆ ಸೂತ್ರ ಎರಡನೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವಿಷಯವಾರು ಮೊತ್ತಗಳನ್ನೆಲ್ಲ ಕೂಡಿದಾಗ =SUM(D:D) ಕೊಡುವ ಸಂಖ್ಯೆಗಿಂತ ಕಡಿಮೆ ಬಂದರೆ ಹೀಗೇ ಆಗಿದೆ ಎಂದು ಅನುಮಾನಿಸಬಹುದು. ವಿಷಯದ ಕಾಲಂಗೆ ಡೇಟಾ ವ್ಯಾಲಿಡೇಶನ್ ಪಟ್ಟಿ ಹಾಕಿ, ಟೈಪ್ ಮಾಡುವ ಬದಲು ಆರಿಸುವಂತೆ ಮಾಡಿಟ್ಟರೆ ಈ ಗೊಂದಲ ಇರುವುದಿಲ್ಲ.