ಅಂಕಲ್, ರೂಟರ್ ಪಾಸ್‌ವರ್ಡ್ ಬದಲಾಯಿಸಲಾ?

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಓನರ್ ಕೆಳಗೆ, ಬಾಡಿಗೆಯವರು ಮೇಲೆ ಇರುವ ಮನೆಗಳಿಗೆ ಲೆಕ್ಕವಿಲ್ಲ. ಸಂಪಿನ ನೀರು, ಮೋಟಾರ್ ಸ್ವಿಚ್ಚು, ಗೇಟಿನ ಬೀಗ ಇವನ್ನು ಎರಡೂ ಮನೆಯವರು ಹಂಚಿಕೊಂಡು ಬದುಕುವುದು ರೂಢಿ. ಆ ಪಟ್ಟಿಗೆ ಈಗ ವೈಫೈ ಸೇರಿದೆ. ಕೆಳಗಿನ ಹಾಲ್‌ನಲ್ಲಿ ಟಿವಿ ಪಕ್ಕ ಒಂದು ಫೈಬರ್ ರೂಟರ್, ಮೇಲಿನವರಿಗೂ ಅದೇ, ಬಿಲ್ಲು ಬಾಡಿಗೆಯಲ್ಲೇ ಸೇರಿದೆ. ಅಂಥ ಒಂದು ಮನೆಯನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಮೇಲಿನ ಮನೆಗೆ ಹೊಸದಾಗಿ ಬಂದ ಯುವಕ ಓನರ್‌ಗೆ ವಾಟ್ಸ್ಆ್ಯಪ್‌ನಲ್ಲಿ ಹೀಗೆ ಬರೆಯುತ್ತಾನೆ: ‘ಅಂಕಲ್, ರೂಟರ್ ಅಡ್ಮಿನ್ ಪಾಸ್‌ವರ್ಡ್ ಕಳಿಸಿ. ವೈಫೈ ಪಾಸ್‌ವರ್ಡ್ ಚೇಂಜ್ ಮಾಡಬೇಕು.’

ಎರಡು ದಿನವಾದರೂ ಉತ್ತರವಿಲ್ಲ. ಓನರ್ ಸಿಡುಕರು ಎಂದುಕೊಳ್ಳುವುದು ಸುಲಭ. ಆದರೆ ಯಾರಿಗೂ ಪಾಸ್‌ವರ್ಡ್ ಕೊಡಬೇಡಿ, ಒಟಿಪಿ ಹೇಳಬೇಡಿ ಎಂದು ಬ್ಯಾಂಕಿನವರು, ಪೊಲೀಸರು ದಿನಾ ಎಚ್ಚರಿಸುತ್ತಿರುವ ಕಾಲ ಇದು. ಅರವತ್ತೈದು ದಾಟಿದ ಮನುಷ್ಯರ ಫೋನಿಗೆ ಕಾರಣ ಹೇಳದೆ, ಅವಸರದಲ್ಲಿ ಪಾಸ್‌ವರ್ಡ್ ಕೇಳುವ ಸಂದೇಶ ಬಂದರೆ ಅವರು ಸುಮ್ಮನಾಗುವುದೇ ಸರಿ. ಮೋಸಗಾರರ ಸಂದೇಶವೂ ಹಾಗೇ ಇರುತ್ತದೆ.

ಹುಡುಗ ಕೇಳಿದ್ದರಲ್ಲೂ ತಪ್ಪಿಲ್ಲ. ಹಿಂದೆ ಇದ್ದವರು ಮನೆ ಖಾಲಿ ಮಾಡಿ ಅದೇ ಬೀದಿಯಲ್ಲಿ ಬೇರೆ ಮನೆ ಹಿಡಿದಿದ್ದಾರೆ. ಅವರ ಫೋನುಗಳಲ್ಲಿ ಹಳೆಯ ಪಾಸ್‌ವರ್ಡ್ ಹಾಗೇ ಉಳಿದಿದೆ. ಗೇಟಿನ ಹತ್ತಿರ ಬಂದರೆ ಸಾಕು, ತಾನಾಗಿಯೇ ಸೇರಿಕೊಳ್ಳುತ್ತದೆ. ಒಳಗೆ ಸೇರಿದ ಫೋನು ಬರೀ ಡೇಟಾ ಬಳಸಿ ಸುಮ್ಮನಿರಬೇಕೆಂದೇನೂ ಇಲ್ಲ. ಮನೆಯ ಪ್ರಿಂಟರ್, ಟಿವಿ, ಕ್ಯಾಮೆರಾಗಳಿಗೂ ಅಲ್ಲಿಂದ ದಾರಿ ಇರುತ್ತದೆ.

ಇಲ್ಲಿ ಎರಡೂ ಕಡೆಯವರು ಮೊದಲು ಬಿಡಿಸಿಕೊಳ್ಳಬೇಕಾದ ಗೋಜಲು ಒಂದಿದೆ. ರೂಟರ್‌ಗೆ ಸಂಬಂಧಪಟ್ಟ ಪಾಸ್‌ವರ್ಡ್ ಒಂದಲ್ಲ, ಮೂರು. ಫೋನಿನಲ್ಲಿ ವೈಫೈಗೆ ಸೇರಲು ಹಾಕುವುದು ಮೊದಲನೆಯದು. ರೂಟರ್‌ನ ಸೆಟ್ಟಿಂಗ್ಸ್ ತೆರೆಯಲು ಬೇಕಾದದ್ದು ಎರಡನೆಯದು, ಅದೇ ಅಡ್ಮಿನ್ ಪಾಸ್‌ವರ್ಡ್. ಮೂರನೆಯದು ಇಂಟರ್‌ನೆಟ್ ಕಂಪನಿಯವರು ಕನೆಕ್ಷನ್‌ಗೆಂದು ಕೊಟ್ಟ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್. ಅನೇಕ ಕನೆಕ್ಷನ್‌ಗಳಲ್ಲಿ ಲೈನ್ ಹಾಕಲು ಬಂದ ಹುಡುಗ ಅದನ್ನು ರೂಟರ್ ಒಳಗೆ ತುಂಬಿಸಿ ಹೋಗಿರುತ್ತಾನೆ. ಮನೆಯವರು ಅದನ್ನು ನೋಡಿಯೇ ಇರುವುದಿಲ್ಲ.

ನಮ್ಮ ಹುಡುಗನಿಗೆ ಬದಲಾಗಬೇಕಾದದ್ದು ಮೊದಲನೆಯದು. ಅದಕ್ಕೆ ಎರಡನೆಯದರ ಮೂಲಕ ಹೋಗಬೇಕು. ಮೂರನೆಯದನ್ನು ಮುಟ್ಟುವ ಹಾಗೇ ಇಲ್ಲ. ಇಷ್ಟನ್ನು ಬಿಡಿಸಿ ಹೇಳಿದರೆ ಓನರ್‌ನ ಅರ್ಧ ಆತಂಕ ಅಲ್ಲಿಗೇ ಇಳಿಯುತ್ತದೆ.

ಉಳಿದರ್ಧ ಆತಂಕಕ್ಕೂ ಆಧಾರವಿದೆ. ಕನೆಕ್ಷನ್ ಇರುವುದು ಓನರ್ ಹೆಸರಿನಲ್ಲಿ, ಕೊಟ್ಟ ಆಧಾರ್ ಪ್ರತಿಯೂ ಅವರದೇ. ಆ ಲೈನಿನಿಂದ ಯಾರಾದರೂ ತಪ್ಪು ಕೆಲಸ ಮಾಡಿದರೆ ತನಿಖೆಯವರು ಮೊದಲು ಬಂದು ತಟ್ಟುವುದು ಅವರ ಮನೆಯ ಬಾಗಿಲು. ಅಡ್ಮಿನ್ ಪುಟ ಕೈಗೆ ಸಿಕ್ಕವರು ಪಾಸ್‌ವರ್ಡ್ ಅಷ್ಟೇ ಅಲ್ಲ, ಬೇರೆ ಏನೇನೋ ಬದಲಾಯಿಸಬಹುದು. ಉದಾಹರಣೆಗೆ, ನಾವು ಟೈಪ್ ಮಾಡುವ ವೆಬ್‌ಸೈಟ್ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ಬೇರೆಡೆಗೆ ತಿರುಗಿಸಬಹುದು. ಮನೆಯಲ್ಲಿ ಯಾವ ಯಾವ ಫೋನುಗಳು ಯಾವಾಗ ಕನೆಕ್ಟ್ ಆಗಿವೆ ಎಂದೂ ನೋಡಬಹುದು. ಈ ಮಾತು ತಿರುಗುಮುರುಗಾಗಿಯೂ ನಿಜ: ಅಡ್ಮಿನ್ ಕೈಲಿರುವ ಓನರ್‌ಗೆ ಬಾಡಿಗೆಯವರ ಫೋನುಗಳ ಓಡಾಟವೂ ಕಾಣುತ್ತದೆ.

ಇದಕ್ಕೆ ಕಾನೂನಿನ ಮುಖವೂ ಇದೆ. ಬಹಳಷ್ಟು ಹಳೆಯ ರೂಟರ್‌ಗಳ ಅಡ್ಮಿನ್ ಯೂಸರ್‌ನೇಮ್ admin, ಪಾಸ್‌ವರ್ಡೂ admin. ಅದನ್ನೇ ಹಾಕಿ ನೋಡಿ ತೆರೆದುಕೊಂಡರೆ ಕೆಲಸ ಮುಗಿಯಿತಲ್ಲ, ಕೇಳುವುದೇಕೆ ಅನ್ನಿಸಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಒಡೆಯರ ಅಥವಾ ಉಸ್ತುವಾರಿ ಹೊತ್ತವರ ಅನುಮತಿ ಇಲ್ಲದೆ ಕಂಪ್ಯೂಟರ್‌ಗಾಗಲಿ ನೆಟ್‌ವರ್ಕ್‌ಗಾಗಲಿ ಪ್ರವೇಶ ಪಡೆದರೆ ಪರಿಹಾರ ಕಟ್ಟಿಕೊಡಬೇಕಾಗುತ್ತದೆ. ಅದೇ ಕೆಲಸವನ್ನು ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪಾಸ್‌ವರ್ಡ್ ಊಹಿಸುವುದು ಸುಲಭವಿತ್ತು ಎಂಬುದು ಅನುಮತಿ ಆಗುವುದಿಲ್ಲ. ಆದ್ದರಿಂದ ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುವುದು ಬಾಡಿಗೆಯವರಿಗೇ ಒಳ್ಳೆಯದು.

ಬರೆಯುವ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ‘ನೆಟ್ ಸ್ಲೋ, ಯಾರೋ ಬಳಸುತ್ತಿದ್ದಾರೆ’ ಎಂಬ ಅನುಮಾನದಿಂದಲೇ ಹೆಚ್ಚಿನವರು ಪಾಸ್‌ವರ್ಡ್ ಮಾತೆತ್ತುತ್ತಾರೆ. ಆದರೆ ಕೆಳಗಿನ ಹಾಲ್‌ಗೂ ಮೇಲಿನ ರೂಮಿಗೂ ನಡುವೆ ಒಂದು ಆರ್‌ಸಿಸಿ ಸ್ಲ್ಯಾಬ್ ಇದೆ. ವೈಫೈನ 5 ಗಿಗಾಹರ್ಟ್ಸ್ ಸಿಗ್ನಲ್ ಅದನ್ನು ದಾಟುವಷ್ಟರಲ್ಲಿ ಬಳಲಿಹೋಗುತ್ತದೆ, 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ವೇಗ ಕಡಿಮೆ, ಮೇಲಾಗಿ ಅಕ್ಕಪಕ್ಕದ ಮನೆಗಳ ರೂಟರ್‌ಗಳೂ ಅಲ್ಲೇ ಕಿಕ್ಕಿರಿದಿರುತ್ತವೆ. ಓನರ್ ಮನೆಗೆ ಹೋದಾಗ ರೂಟರ್ ಪಕ್ಕ ನಿಂತು ಒಮ್ಮೆ, ಮೇಲೆ ಬಂದು ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ ನೋಡಿ. ಕೆಳಗೆ ಚೆನ್ನಾಗಿದ್ದು ಮೇಲೆ ಮಾತ್ರ ಬಿದ್ದುಹೋಗುತ್ತಿದ್ದರೆ ಅದು ಸ್ಲ್ಯಾಬಿನ ಕಾಟ. ಎಷ್ಟು ಪಾಸ್‌ವರ್ಡ್ ಬದಲಿಸಿದರೂ ಹೋಗದು. ಮೇಲಕ್ಕೆ ಒಂದು ಕೇಬಲ್ ಎಳೆಸಿ ಇನ್ನೊಂದು ಸಣ್ಣ ರೂಟರ್ ಇಡಬೇಕಾಗುತ್ತದೆ.

ಪಾಸ್‌ವರ್ಡ್ ಬದಲಾಗಲೇಬೇಕು ಎಂದು ಖಚಿತವಾದ ಮೇಲೆ, ಮೊದಲು ಮೆಟ್ಟಿಲಿಳಿದು ಹೋಗಿ ಬಾಯಿಮಾತಿನಲ್ಲಿ ಹೇಳಬೇಕು. ಆಮೇಲೆ ಹೀಗೆ ಬರೆಯಬಹುದು:

‘ನಮಸ್ಕಾರ ಅಂಕಲ್. ಬೆಳಿಗ್ಗೆ ಹೇಳಿದ ವೈಫೈ ವಿಷಯ. ಹಿಂದೆ ಇದ್ದವರಿಗೆ, ಅವರ ಮನೆಗೆ ಬಂದುಹೋದವರಿಗೆಲ್ಲ ಈಗಿನ ಪಾಸ್‌ವರ್ಡ್ ಗೊತ್ತಿದೆ. ನೀವು ಒಪ್ಪಿದರೆ ಅದನ್ನು ಬದಲಾಯಿಸೋಣ. ಅದಕ್ಕೆ ರೂಟರ್‌ನ ಅಡ್ಮಿನ್ ಯೂಸರ್‌ನೇಮ್, ಪಾಸ್‌ವರ್ಡ್ ಬೇಕಾಗುತ್ತೆ. ರೂಟರ್ ಕೆಳಗಿನ ಸ್ಟಿಕ್ಕರ್ ಮೇಲೆ ಇರಬಹುದು. ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ, ಭಾನುವಾರ ಹತ್ತು ಗಂಟೆಗೆ ನಾನೇ ಕೆಳಗೆ ಬರ್ತೀನಿ, ನಿಮ್ಮೆದುರೇ ಮಾಡೋಣ. ವೈಫೈ ಪಾಸ್‌ವರ್ಡ್, ಅಡ್ಮಿನ್ ಪಾಸ್‌ವರ್ಡ್ ಈ ಎರಡು ಬಿಟ್ಟು ಬೇರೆ ಏನನ್ನೂ ಮುಟ್ಟಲ್ಲ. ಎರಡನ್ನೂ ಚೀಟಿಯಲ್ಲಿ ಬರೆದು ನಿಮಗೇ ಕೊಡ್ತೀನಿ. ನಿಮ್ಮ ಟಿವಿ, ಆಂಟಿ ಫೋನು, ಗೇಟಿನ ಕ್ಯಾಮೆರಾ ಎಲ್ಲಕ್ಕೂ ಹೊಸ ಪಾಸ್‌ವರ್ಡ್ ಹಾಕಿಕೊಟ್ಟೇ ಮೇಲೆ ಬರ್ತೀನಿ. ಸರಿ ಅನ್ನಿಸಿದರೆ ಇಲ್ಲೇ ಒಂದು ಮಾತು ಬರೀರಿ.’

ಈ ಸಂದೇಶದಲ್ಲಿ ನನಗೆ ಮುಖ್ಯ ಅನ್ನಿಸುವುದು ಕ್ಯಾಮೆರಾ ಮಾತು. ವೈಫೈ ಪಾಸ್‌ವರ್ಡ್ ಬದಲಾದ ಕ್ಷಣ ಮನೆಯ ವೈರ್‌ಲೆಸ್ ಸಾಧನಗಳೆಲ್ಲ ಕಳಚಿಕೊಳ್ಳುತ್ತವೆ. ಫೋನಿಗೆ ಹೊಸದನ್ನು ಹಾಕುವುದು ಅರ್ಧ ನಿಮಿಷದ ಕೆಲಸ. ಗೇಟಿನ ವೈಫೈ ಕ್ಯಾಮೆರಾ ಹಾಗಲ್ಲ. ಅನೇಕ ಕ್ಯಾಮೆರಾಗಳಲ್ಲಿ ಗುಂಡಿ ಒತ್ತಿ ರೀಸೆಟ್ ಮಾಡಿ, ಅದರ ಆ್ಯಪ್‌ನಲ್ಲಿ ಮೊದಲಿನಿಂದ ಸೇರಿಸಬೇಕು, ಅದೂ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಒಂದೇ ಆಗುತ್ತದೆ. ರಾತ್ರಿ ಪಾಸ್‌ವರ್ಡ್ ಬದಲಿಸಿ ಮಲಗಿದರೆ ಗೇಟಿನ ರೆಕಾರ್ಡಿಂಗ್ ನಿಂತದ್ದು ಓನರ್‌ಗೆ ಗೊತ್ತಾಗುವುದು ಎಷ್ಟೋ ದಿನದ ಮೇಲೆ. ಡಿವಿಆರ್ ಪೆಟ್ಟಿಗೆಗೆ ವೈರ್ ಎಳೆದ ಕ್ಯಾಮೆರಾಗಳಿಗೆ ಈ ತೊಂದರೆ ಇಲ್ಲ.

ಭಾನುವಾರದ ಕೆಲಸ ದೊಡ್ಡದೇನಲ್ಲ. ರೂಟರ್‌ಗೆ ಕನೆಕ್ಟ್ ಆದ ಫೋನಿನ ವೈಫೈ ವಿವರದಲ್ಲಿ Gateway ಎಂಬ ಸಾಲಿನ ಮುಂದೆ ಒಂದು ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅದನ್ನು ಬ್ರೌಸರ್‌ನಲ್ಲಿ ಹಾಕಿದರೆ ಲಾಗಿನ್ ಪುಟ ಬರುತ್ತದೆ. ಒಳಗೆ ಹೋದ ಮೇಲೆ ಮೊದಲು ಕನೆಕ್ಟ್ ಆಗಿರುವ ಸಾಧನಗಳ ಪಟ್ಟಿಯನ್ನು ಓನರ್ ಜೊತೆ ಕೂತು ನೋಡಬೇಕು. ಎರಡೂ ಮನೆ ಸೇರಿ ಒಂಬತ್ತು ಸಾಧನಗಳಿದ್ದು ಪಟ್ಟಿಯಲ್ಲಿ ಹದಿಮೂರು ಇದ್ದರೆ ತಕ್ಷಣ ಗಾಬರಿಯಾಗಬೇಡಿ. ಈಗಿನ ಫೋನುಗಳು ತಮ್ಮ ಅಸಲಿ ಗುರುತು ಮರೆಮಾಡಿ ಹುಸಿ ಗುರುತು ಕೊಡುತ್ತವೆ, ಕೆಲವು ರೂಟರ್‌ಗಳು ಹಿಂದೆಂದೋ ಬಂದುಹೋದವನ್ನೂ ತೋರಿಸುತ್ತಿರುತ್ತವೆ. ನಿಮ್ಮ ಸಾಧನಗಳ ವೈಫೈಯನ್ನು ಒಂದೊಂದಾಗಿ ಆಫ್ ಮಾಡುತ್ತಾ ಪಟ್ಟಿಯನ್ನು ಮತ್ತೆ ತೆರೆದು ನೋಡಿದರೆ ಕೊನೆಗೆ ಉಳಿಯುವವು ಹೊರಗಿನವು.

ನಂತರ WLAN ಅಥವಾ Wireless ವಿಭಾಗದಲ್ಲಿ ಪಾಸ್‌ವರ್ಡ್ ಬದಲಾಯಿಸಿ. 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಪುಟಗಳಿದ್ದರೆ ಎರಡರಲ್ಲೂ ಮಾಡಬೇಕು. ಒಂದರಲ್ಲಿ ಮರೆತರೆ ಹಳಬರು ಅದರಲ್ಲೇ ಮುಂದುವರಿಯುತ್ತಾರೆ. ಕನಿಷ್ಠ ಎಂಟು ಅಕ್ಷರ ಬೇಕೆಂಬುದು ನಿಯಮ. ಮನೆ ನಂಬರು, ಫೋನ್ ನಂಬರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿ, ಹೇಳಲೂ ಸುಲಭ, ಊಹಿಸಲೂ ಕಷ್ಟ. ಅಡ್ಮಿನ್ ಪಾಸ್‌ವರ್ಡನ್ನೂ ಆಗಲೇ ಬದಲಾಯಿಸಿಬಿಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶ ಮಾಡಿಕೊಂಡದ್ದು ಕಂಪನಿಗಳೇ ಹಾಕಿಕೊಟ್ಟ ಸುಮಾರು 60 ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಪಟ್ಟಿಯೊಂದರಿಂದ. admin ಜೋಡಿಯೂ ಅದರಲ್ಲಿತ್ತು.

ಸ್ಟಿಕ್ಕರ್‌ನ ಪಾಸ್‌ವರ್ಡ್ ಕೆಲಸ ಮಾಡದಿದ್ದರೆ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ನು ಹಾಕಿ ರೀಸೆಟ್ ಒತ್ತುವ ಚಪಲ ಬರುತ್ತದೆ. ದಯವಿಟ್ಟು ಬೇಡ. ಹಾಗೆ ಒತ್ತಿ ಹಿಡಿದರೆ ಆ ಮೂರನೇ ಪಾಸ್‌ವರ್ಡೂ ಅಳಿಸಿಹೋಗಬಹುದು. ಆಮೇಲೆ ವೈಫೈ ಹೆಸರು ಕಾಣುತ್ತದೆ, ಫೋನು ಕನೆಕ್ಟ್ ಆಗುತ್ತದೆ, ಇಂಟರ್‌ನೆಟ್ ಮಾತ್ರ ಬರುವುದಿಲ್ಲ. ಕಂಪನಿಯ ಹುಡುಗ ಬರುವ ತನಕ ಎರಡೂ ಮನೆ ಕಾಯಬೇಕು. ಅದರ ಬದಲು ಓನರ್ ತಮ್ಮ ನೋಂದಾಯಿತ ನಂಬರಿನಿಂದ ಕಸ್ಟಮರ್ ಕೇರ್‌ಗೆ ಫೋನ್ ಮಾಡಲಿ. ಕೆಲವು ಕಂಪನಿಗಳ ಆ್ಯಪ್‌ನಲ್ಲಿ ಅಡ್ಮಿನ್ ಪುಟಕ್ಕೆ ಹೋಗದೆಯೇ ವೈಫೈ ಪಾಸ್‌ವರ್ಡ್ ಬದಲಿಸುವ ಸೌಲಭ್ಯವಿದೆ. ಅದಕ್ಕೆ ಒಟಿಪಿ ಬಂದರೆ ಓನರ್ ತಾವೇ ತಮ್ಮ ಫೋನಿನಲ್ಲಿ ಹಾಕಲಿ, ಬಾಡಿಗೆಯವರು ಅದನ್ನು ಕೇಳಬಾರದು.

ಓನರ್‌ಗೆ ಅಡ್ಮಿನ್ ಕೊಡಲು ಮನಸ್ಸಿಲ್ಲದಿದ್ದರೆ? ಅದು ಅವರ ಹಕ್ಕು. ಆಗ ನಾನು ಸೂಚಿಸುವ ದಾರಿ ಇದು: ಬಹುತೇಕ ರೂಟರ್‌ಗಳಲ್ಲಿ ಇನ್ನೊಂದು ವೈಫೈ ಹೆಸರು ತೆರೆಯಲು ಬರುತ್ತದೆ, ಗೆಸ್ಟ್ ನೆಟ್‌ವರ್ಕ್ ಅಥವಾ ಎರಡನೇ SSID ಎಂದು. ಮೇಲಿನ ಮನೆಗೆಂದೇ ಒಂದು ಹೆಸರು, ಒಂದು ಪಾಸ್‌ವರ್ಡ್ ಮಾಡಿಕೊಡಿ ಎಂದು ಕೇಳಿ. ಹಳೆಯ ಹೆಸರಿನ ಪಾಸ್‌ವರ್ಡನ್ನು ಓನರ್ ತಮಗೆ ಅನುಕೂಲವಾದಾಗ ಬದಲಿಸಿಕೊಳ್ಳುತ್ತಾರೆ. ಅಡ್ಮಿನ್ ಅವರ ಬಳಿಯೇ ಉಳಿಯುತ್ತದೆ, ಗೆಸ್ಟ್ ನೆಟ್‌ವರ್ಕ್ ಆದರೆ ಒಬ್ಬರ ಸಾಧನಗಳು ಇನ್ನೊಬ್ಬರಿಗೆ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಕೇಳಿದವರಿಗೆಲ್ಲ ಅಡ್ಮಿನ್ ಹಂಚುವುದಕ್ಕಿಂತ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಮುಂದಿನ ಸಲ ಹನ್ನೊಂದು ತಿಂಗಳ ಕರಾರು ಬರೆಸುವಾಗ ವೈಫೈಗೂ ಒಂದು ಸಾಲು ಸೇರಿಸಿ: ಅಡ್ಮಿನ್ ಯಾರ ಬಳಿ ಇರಬೇಕು, ಪಾಸ್‌ವರ್ಡ್ ಬದಲಿಸುವವರು ಯಾರು ಎಂದು. ಮನೆ ಬಿಡುವ ದಿನ ಬೀಗದ ಕೈ ಜೊತೆ ಆ ಚೀಟಿಯನ್ನೂ ಕೊಟ್ಟು, ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಓನರ್‌ಗೆ ಹೇಳಿ ಹೊರಡಿ.