ರಾಜೀನಾಮೆಯಲ್ಲಿ ತಾರೀಖು ಬರೆಯಿರಿ

ಐಸಿಯುನಲ್ಲಿ ಕೆಲಸ ಮಾಡುವ ಸ್ಟಾಫ್ ನರ್ಸ್ ಒಬ್ಬರಿಗೆ ಎಂ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿದೆ ಎಂದುಕೊಳ್ಳೋಣ. ಆ ಕೋರ್ಸಿಗೆ ಬಿ.ಎಸ್ಸಿ. ಮುಗಿದ ಮೇಲೆ ಒಂದು ವರ್ಷದ ಅನುಭವ ಬೇಕು. ಅನುಭವ ಪತ್ರ ಕೊಡಬೇಕಾದದ್ದು ಈಗ ಬಿಡುತ್ತಿರುವ ಆಸ್ಪತ್ರೆಯೇ. ಹಾಗಾಗಿ ಮುನಿಸಿಕೊಂಡು ಹೊರಟರೆ ನಷ್ಟ ಯಾರಿಗೆ?

ಮೊದಲು ನೇಮಕಾತಿ ಆದೇಶ ತೆಗೆದು ನೋಟಿಸ್ ಅವಧಿ ನೋಡಿ. ಅದರಲ್ಲಿ 30 ದಿನ ಎಂದಿದ್ದರೆ, ನರ್ಸಿಂಗ್ ಸೂಪರಿಂಟೆಂಡೆಂಟ್ ಮೂಲಕ ಹೋಗುವ ಪತ್ರದಲ್ಲಿ ಹೀಗೆ ಬರೆಯಬಹುದು: 'ಉನ್ನತ ವ್ಯಾಸಂಗಕ್ಕಾಗಿ ರಾಜೀನಾಮೆ ನೀಡುತ್ತಿದ್ದೇನೆ. ಇಂದು, ಜೂನ್ 1ರಿಂದ, 30 ದಿನಗಳ ನೋಟಿಸ್ ಪರಿಗಣಿಸಿ ಜೂನ್ 30ರ ಕರ್ತವ್ಯದ ನಂತರ ನನ್ನನ್ನು ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ.' 'ಒಂದು ತಿಂಗಳಲ್ಲಿ' ಎಂದಷ್ಟೇ ಬರೆದರೆ ಲೆಕ್ಕ ಎಲ್ಲಿಂದ ಶುರು ಎಂಬ ತಕರಾರು ಏಳುತ್ತದೆ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ತಾರೀಖು ಹಾಕಿಸಿಕೊಳ್ಳಿ. 30ರಂದು ನೈಟ್ ಡ್ಯೂಟಿ ಬಿದ್ದರೆ ಅದು ಮುಗಿಯುವುದು ಮರುದಿನ ಬೆಳಿಗ್ಗೆ. ರೋಸ್ಟರ್ ಹಾಕುವ ಮುಂಚೆಯೇ ಹೇಳಿಬಿಡಿ.

ಪ್ರತಿ ಪಾಳಿಯಲ್ಲೂ ರೋಗಿಗಳನ್ನು ಒಪ್ಪಿಸುವುದು ನರ್ಸ್‌ಗಳಿಗೆ ರೂಢಿ. ಕೆಲಸ ಬಿಡುವಾಗಿನ ಹಸ್ತಾಂತರವೇ ಬೇರೆ. ನಿಮ್ಮ ಹೆಸರಿನಲ್ಲಿರುವ ಉಪಕರಣಗಳು, ತುರ್ತು ಔಷಧಿಗಳ ಟ್ರಾಲಿ, ಮುಖ್ಯವಾಗಿ ಮಾರ್ಫಿನ್‌ನಂಥ ಔಷಧಿಗಳ ಬೀರುವಿನ ಕೀಲಿ ಮತ್ತು ರಿಜಿಸ್ಟರ್. ಆಂಪೂಲ್‌ಗಳನ್ನು ಇಬ್ಬರೂ ಎಣಿಸಿ, ಪುಸ್ತಕದ ಶಿಲ್ಕಿಗೆ ತಾಳೆ ನೋಡಿ ಸಹಿ ಮಾಡಬೇಕು. ಒಂದು ಕಡಿಮೆ ಬಂದರೆ ಅಂದೇ ಲಿಖಿತವಾಗಿ ತಿಳಿಸಿ. ನೀವು ಹೋದ ಮೇಲೆ ಗೊತ್ತಾದರೆ ಉತ್ತರ ಕೊಡಲು ನೀವಿರುವುದಿಲ್ಲ, ಬೆರಳು ಮಾತ್ರ ನಿಮ್ಮತ್ತಲೇ ತಿರುಗುತ್ತದೆ.